ಒಣ ಹಾಸಿಗೆ, ಎರಡು ಬಕೆಟ್ ಬಿಸಿನೀರು: ಕೊಡಗಿನ ಮಳೆಗಾಲದ ಹೋಂಸ್ಟೇ

ಜುಲೈನಲ್ಲಿ ಬೆಂಗಳೂರಿನಿಂದ ಫೋನ್ ಮಾಡುವವರು ಕೇಳುವುದು ಮೂರೇ ಪ್ರಶ್ನೆ. ಮಂಜು ಕಾಣುತ್ತದೆಯೇ, ಹತ್ತಿರ ಜಲಪಾತ ಇದೆಯೇ, ಊಟ ಮನೆಯದೇ? ಹೋಗುವಾಗ ಅವರು ಹೇಳುವ ದೂರು ಮಾತ್ರ ಈ ಮೂರಕ್ಕೂ ಸೇರಿದ್ದಲ್ಲ. ಹಾಸಿಗೆ ತಣ್ಣಗೆ ಅಂಟುತ್ತಿತ್ತು, ಕೋಣೆಯಲ್ಲಿ ಮುಗ್ಗಲು ವಾಸನೆ, ಬಿಸಿನೀರು ಅರ್ಧದಲ್ಲೇ ಮುಗಿಯಿತು. ಮಡಿಕೇರಿಯ ಹೊರಗೆ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾ ಬಂದಿರುವ ನನಗೆ ಇಷ್ಟು ಸ್ಪಷ್ಟವಾಗಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತಿಥಿ ಕೊಡುವ ಹಣ ನೋಟಕ್ಕಲ್ಲ, ಒಣಗಿರುವ ಹಾಸಿಗೆಗೆ ಮತ್ತು ಬಿಸಿನೀರಿಗೆ. ಇವೆರಡೂ ಇರುತ್ತವೆ ಎಂದು ಅವರು ಕೇಳದೆಯೇ ನಂಬಿ ಬಂದಿರುತ್ತಾರೆ. ನಗರದ ಮನೆಯಲ್ಲಿ ಇವು ತಾವಾಗಿ ಸಿಗುತ್ತವೆ, ನಮ್ಮ ಮಳೆಯಲ್ಲಿ ದುಡಿದು ದಕ್ಕಿಸಿಕೊಳ್ಳಬೇಕು. ಹೊಸದಾಗಿ ಹೋಂಸ್ಟೇ ತೆರೆಯುವವರು ಬಣ್ಣ, ಪೀಠೋಪಕರಣ, ಫೋಟೋಗಳಿಗೆ ಖರ್ಚು ಮಾಡಿ ಈ ಎರಡನ್ನು ಮಳೆ ಬಂದ ಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ಮಳೆ ಬಂದ ಮೇಲೆ ಆಗುವುದಿಲ್ಲ.

ನನ್ನ ಮೊದಲ ಜುಲೈಯಲ್ಲಿ ಒಬ್ಬ ಅತಿಥಿ ಬೆಳಿಗ್ಗೆ ಎದ್ದು, "ಅಕ್ಕಾ, ರಾತ್ರಿ ಸೋರಿತಾ? ಹಾಸಿಗೆ ಒದ್ದೆ" ಎಂದರು. ಮಾಡಿನಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಹಿಂದಿನ ದಿನ ಗಂಟೆಗಟ್ಟಲೆ ಕಿಟಕಿ ತೆರೆದು "ಗಾಳಿ ಆಡಲಿ" ಎಂದು ಬಿಟ್ಟವಳು ನಾನೇ. ಬೇಸಿಗೆಯಲ್ಲಿ ಸರಿಯಾದ ಈ ಅಭ್ಯಾಸ ಮಂಜು ಕವಿದ ದಿನ ತಪ್ಪು. ಆಗ ಹೊರಗಿನ ಗಾಳಿ ಹೊರಬಹುದಾದಷ್ಟು ನೀರನ್ನು ಆಗಲೇ ಹೊತ್ತಿರುತ್ತದೆ, ಅಂದರೆ ಸಾಪೇಕ್ಷ ಆರ್ದ್ರತೆ ಶೇಕಡಾ ನೂರರ ಹತ್ತಿರ ಇರುತ್ತದೆ. ಅಂಥ ಗಾಳಿ ಕೋಣೆಯೊಳಗೆ ಬಂದರೆ ಏನನ್ನೂ ಒಣಗಿಸಲಾರದು. ಹತ್ತಿ ತುಂಬಿದ ಹಾಸಿಗೆ, ದಿಂಬು, ಪರದೆ ಎಲ್ಲವೂ ಆ ತೇವವನ್ನು ಹೀರಿಕೊಳ್ಳುತ್ತವೆ. ಗೋಡೆ ಒಳಗಿನ ಗಾಳಿಗಿಂತ ತಣ್ಣಗಿದ್ದರೆ ಅದರ ಮೇಲೆ ಬೆವರಿನಂತೆ ನೀರು ಕೂರುತ್ತದೆ. ಕೆಲವೇ ದಿನಗಳಲ್ಲಿ ಮಂಚದ ಹಿಂದಿನ ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಅದೇ ಬೂಷ್ಟು, ಮುಗ್ಗಲು ವಾಸನೆಯ ತವರು.

ತೇವದ ಲೆಕ್ಕ ಕಣ್ಣಿಗೆ ಸಿಗುವುದಿಲ್ಲ, ಕೈಗೂ ಸಿಗುವುದಿಲ್ಲ. ತಣ್ಣಗಿರುವ ಒಣ ಬಟ್ಟೆಯೂ ಕೈಗೆ ಒದ್ದೆಯಂತೆ ಅನಿಸುತ್ತದೆ. ಆದ್ದರಿಂದ ಉಷ್ಣಾಂಶ ಮತ್ತು ಆರ್ದ್ರತೆ ಎರಡನ್ನೂ ತೋರಿಸುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮೀಟರೊಂದನ್ನು ಪ್ರತಿ ಕೋಣೆಯಲ್ಲಿ ಇಟ್ಟಿದ್ದೇನೆ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೋಣೆಯ ಆರ್ದ್ರತೆ ಅರವತ್ತರ ಆಸುಪಾಸಿನಲ್ಲಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಎಪ್ಪತ್ತೈದು ದಾಟಿ ದಿನಗಟ್ಟಲೆ ನಿಂತರೆ ಅದು ಖಂಡಿತ ಬರುತ್ತದೆ. ಹಾಸಿಗೆಯನ್ನು ಪರೀಕ್ಷಿಸಲು ಇದೇ ಮೀಟರನ್ನು ಕಂಬಳಿಯ ಕೆಳಗೆ, ಹೊದಿಕೆಗಳ ನಡುವೆ ಅರ್ಧ ಗಂಟೆ ಇಡುತ್ತೇನೆ. ಅಲ್ಲಿಯ ಅಂಕಿಯೇ ಅತಿಥಿಯ ಬೆನ್ನಿಗೆ ರಾತ್ರಿ ತಿಳಿಯುವ ಅಂಕಿ.

ಈ ಆರ್ದ್ರತೆಯನ್ನು ಇಳಿಸಲು ಎರಡೇ ದಾರಿ. ಗಾಳಿಯಿಂದ ನೀರನ್ನು ತೆಗೆಯಬೇಕು, ಇಲ್ಲವೇ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಬೇಕು. ಬೆಚ್ಚಗಿನ ಗಾಳಿ ಹೆಚ್ಚು ನೀರನ್ನು ಹೊರಬಲ್ಲದು. ಹದಿನೆಂಟು ಡಿಗ್ರಿಯಲ್ಲಿ ತೊಂಬತ್ತೈದು ಇರುವ ಆರ್ದ್ರತೆ ಅದೇ ಗಾಳಿ ಇಪ್ಪತ್ತಮೂರು ಡಿಗ್ರಿಗೆ ಏರಿದರೆ ಎಪ್ಪತ್ತರ ಹತ್ತಿರ ಇಳಿಯುತ್ತದೆ. ನಮ್ಮ ಹಿರಿಯರು ಬಟ್ಟೆಯ ಕಪಾಟಿನಲ್ಲಿ ಬಲ್ಬು ಉರಿಸಿಡುತ್ತಿದ್ದುದರ ಹಿಂದೆ ಇದ್ದದ್ದು ಇದೇ ಲೆಕ್ಕ. ಆದರೆ ಅದು ತಂತಿ ಉರಿಯುವ ಹಳೆಯ ಬಲ್ಬು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಪಾಟನ್ನು ಬೆಚ್ಚಗೆ ಮಾಡುವಷ್ಟು ಶಾಖ ಕೊಡುವುದಿಲ್ಲ. ಬಲ್ಬು ಬದಲಾಯಿಸಿದ ವರ್ಷವೇ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಿತು ಎಂದು ಅಚ್ಚರಿಪಟ್ಟವರನ್ನು ನೋಡಿದ್ದೇನೆ. ಹಳೆಯ ಬಲ್ಬು ಇಡುವುದಾದರೆ ಬಟ್ಟೆ ತಾಗದಂತೆ ಸುತ್ತ ತಂತಿಬಲೆ ಇರಲೇಬೇಕು.

ಕೋಣೆಯೊಳಗಿನ ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕಿದರೆ ಅರ್ಧಕ್ಕರ್ಧ ಅತಿಥಿಗಳ ಜೊತೆಗೇ ಬಂದಿರುತ್ತದೆ. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು ಮತ್ತು ಬೆವರಿನಿಂದ ಗಾಳಿಗೆ ಸೇರುವ ನೀರು ಅರ್ಧ ಲೀಟರಿಗೂ ಹೆಚ್ಚು. ಅದಕ್ಕಿಂತ ದೊಡ್ಡದು ಅಬ್ಬಿ ಜಲಪಾತದಿಂದ ತೊಯ್ದು ಬಂದ ಜೀನ್ಸ್. ಅತಿಥಿ ಅದನ್ನು ಎಲ್ಲಿ ಹಾಕುತ್ತಾನೆ? ಕುರ್ಚಿಯ ಬೆನ್ನಿಗೆ, ಕಿಟಕಿಯ ಸರಳಿಗೆ, ಕಡೆಗೆ ಮಂಚದ ತಲೆದಿಕ್ಕಿಗೆ. ನಾಲ್ಕು ಜೀನ್ಸ್ ಒಂದು ಕೋಣೆಯಲ್ಲಿ ಒಣಗಿದರೆ ಎರಡು ಲೀಟರಿಗೂ ಹೆಚ್ಚು ನೀರು ಹಾಸಿಗೆಗೆ ಹೋದಂತೆ. ಅವರನ್ನು ದೂರಿ ಫಲವಿಲ್ಲ, ಬೇರೆ ಜಾಗವನ್ನು ನಾವು ಕೊಟ್ಟಿರುವುದಿಲ್ಲ. ನಾನು ಜಗಲಿಯ ಒಂದು ಮೂಲೆಯಲ್ಲಿ, ಬಿಸಿನೀರಿನ ಒಲೆಯ ಹಿಂಗೋಡೆಗೆ ಸೇರಿದಂತೆ ಬಿದಿರಿನ ಗಳು ಕಟ್ಟಿಸಿ, ಕೆಳಗೆ ಬೂಟುಗಳಿಗೆ ಹಲಗೆ ಹಾಕಿಸಿದೆ. ಅತಿಥಿಗಳು ಒಳಗೆ ಕಾಲಿಡುವ ಮೊದಲೇ "ಒದ್ದೆ ಬಟ್ಟೆ, ಬೂಟು ಇಲ್ಲಿ ಬಿಡಿ, ಬೆಳಗಾಗುವಷ್ಟರಲ್ಲಿ ಬೆಚ್ಚಗಾಗಿರುತ್ತದೆ" ಎನ್ನುತ್ತೇನೆ. ನಮ್ಮಲ್ಲಿಗೆ ಬಂದವರು ಅತಿ ಹೆಚ್ಚು ಮೆಚ್ಚಿ ಬರೆದದ್ದು ಈ ಗಳುವಿನ ಬಗ್ಗೆ, ತೋಟದ ನೋಟದ ಬಗ್ಗೆಯಲ್ಲ.

ಉಳಿದದ್ದು ಸಣ್ಣ ಕೆಲಸಗಳು. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಬೇಕು. ಮಂಚದ ಹಲಗೆಗಳ ನಡುವೆ ಸಂದು ಇರಬೇಕು, ಇಲ್ಲದಿದ್ದರೆ ಹಾಸಿಗೆಯ ಅಡಿಭಾಗ ಉಸಿರಾಡುವುದಿಲ್ಲ. ಸ್ನಾನದ ಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ ಅದನ್ನು ದೀಪದ ಸ್ವಿಚ್ಚಿಗೇ ಸೇರಿಸಿದರೆ ಅತಿಥಿ ನೆನಪಿಟ್ಟುಕೊಳ್ಳಬೇಕಾದ್ದಿಲ್ಲ. ಪ್ಲಾಸ್ಟಿಕ್ ಹಾಳೆಯಂತಹ ಹಾಸಿಗೆ ಕವಚವನ್ನು ಮಾತ್ರ ಹಾಕಬೇಡಿ. ಮೇಲಿನಿಂದ ನೀರು ಇಳಿಯದಿದ್ದರೂ ಮೈಯ ಬೆವರು ಅದರ ಮೇಲೆಯೇ ನಿಂತು, ಒದ್ದೆ ಎಂಬ ದೂರು ಇನ್ನೂ ಹೆಚ್ಚುತ್ತದೆ.

ಈಗ ಹೊದಿಕೆಗಳ ಲೆಕ್ಕ. ಬೇಸಿಗೆಯಲ್ಲಿ ಒಂದು ಮಂಚಕ್ಕೆ ಮೂರು ಜೊತೆ ಸಾಕು: ಒಂದು ಹಾಸಿಗೆಯ ಮೇಲೆ, ಒಂದು ತಂತಿಯ ಮೇಲೆ, ಒಂದು ಕಪಾಟಿನಲ್ಲಿ. ಮಳೆಗಾಲದಲ್ಲಿ ಮಾಡಿನ ಕೆಳಗೆ ಹರಡಿದ ದಪ್ಪ ಹೊದಿಕೆ ಒಣಗಲು ಮೂರು ದಿನ ಬೇಕು. ದಿನಕ್ಕೊಬ್ಬ ಅತಿಥಿ ಬದಲಾದರೆ ತಂತಿಯ ಮೇಲೆಯೇ ಮೂರು ಜೊತೆ ನೇತಾಡುತ್ತಿರುತ್ತವೆ, ಹಾಗಾಗಿ ಮಂಚಕ್ಕೆ ಐದು ಜೊತೆ ಬೇಕಾಗುತ್ತದೆ. ಮೂರನೆಯ ದಿನಕ್ಕೆ ಒಣಗಿದ ಬಟ್ಟೆಗೆ ಹುಳಿ ವಾಸನೆಯೂ ಬಂದಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹರಡಿದರೆ ಬೇಗ ಒಣಗುತ್ತದೆ ನಿಜ, ಆದರೆ ಹೊಗೆಯ ವಾಸನೆ ಹಿಡಿಯುತ್ತದೆ. ನಮಗದು ಮನೆಯ ವಾಸನೆ, ಹೊರಗಿನವರಿಗೆ ಹಾಗಲ್ಲ.

ನಾನು ಕಂಡುಕೊಂಡ ಪರಿಹಾರ ಗಾಳಿಯ ತೇವ ಹೀರುವ ಯಂತ್ರ. ಡಿಹ್ಯೂಮಿಡಿಫೈಯರ್ ಎನ್ನುತ್ತಾರೆ. ಸಣ್ಣ ಉಗ್ರಾಣದ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಹೊದಿಕೆಗಳನ್ನು ಒಂದಕ್ಕೊಂದು ತಾಗದಂತೆ ಹಾಕಿ, ಅದನ್ನು ರಾತ್ರಿ ಚಾಲೂ ಮಾಡುತ್ತೇನೆ. ವಾಷಿಂಗ್ ಮೆಷಿನ್ ಚೆನ್ನಾಗಿ ಹಿಂಡಿದ ಮೇಲೂ ಬಟ್ಟೆಯಲ್ಲಿ ಅದರ ತೂಕದ ಅರ್ಧದಷ್ಟು ನೀರು ಉಳಿದಿರುತ್ತದೆ. ಎರಡು ಮಂಚದ ಹೊದಿಕೆ, ದಿಂಬಿನ ಚೀಲ, ಟವೆಲುಗಳೆಲ್ಲ ಸೇರಿ ಐದಾರು ಕಿಲೋ ಆದರೆ ಸುಮಾರು ಮೂರು ಲೀಟರ್ ನೀರು. ಬೆಳಿಗ್ಗೆ ಯಂತ್ರದ ತೊಟ್ಟಿಯಲ್ಲಿ ಆ ನೀರು ಕಣ್ಣಿಗೆ ಕಾಣುವಂತೆ ನಿಂತಿರುತ್ತದೆ. ಮುನ್ನೂರು ವಾಟ್‌ನ ಯಂತ್ರ ಎಂಟು ಗಂಟೆ ಓಡಿದರೆ ಖರ್ಚು ಎರಡೂವರೆ ಯೂನಿಟ್ಟಿನಷ್ಟು. ಕಿಟಕಿ ಒಂದಿಷ್ಟು ತೆರೆದಿದ್ದರೂ ಅದು ಕೊಡಗಿನ ಮಂಜನ್ನೆಲ್ಲ ಒಣಗಿಸಲು ಹೊರಟಂತೆ, ಎಂದಿಗೂ ಮುಗಿಯದು. ಅತಿಥಿಗಳು ಸುತ್ತಾಡಲು ಹೋದ ಹಗಲಿನಲ್ಲಿ ಇದೇ ಯಂತ್ರವನ್ನು ಅವರ ಕೋಣೆಗೆ ಸಾಗಿಸುತ್ತೇನೆ, ಅವರಿಗೆ ಮೊದಲೇ ಹೇಳಿ.

ಹೊದಿಕೆಯ ಮಾತು ಬಂದಾಗ ಜಿಗಣೆಯನ್ನು ಬಿಡುವಂತಿಲ್ಲ. ತೋಟದಲ್ಲಿ ನಡೆದು ಬಂದವರ ಕಾಲಿನಿಂದ ಜಿಗಣೆ ಬಿದ್ದು ಹೋದರೂ ರಕ್ತ ಬೇಗ ನಿಲ್ಲುವುದಿಲ್ಲ, ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಎಂಜಲಿನಲ್ಲಿದೆ. ಅತಿಥಿ ಗಮನಿಸದೆ ಮಲಗುತ್ತಾನೆ, ಬೆಳಿಗ್ಗೆ ಬಿಳಿಯ ಹೊದಿಕೆಯ ಮೇಲೆ ಕಲೆ ನೋಡಿ ಗಾಬರಿಯಾಗುತ್ತಾನೆ. ಜಗಲಿಯಲ್ಲಿ ಉಪ್ಪಿನ ಭರಣಿ, ಕಾಲು ತೊಳೆಯುವ ನಲ್ಲಿ, ಒಂದಿಷ್ಟು ಅಂಟುಪಟ್ಟಿ ಇಟ್ಟು, ಬೆರಳುಗಳ ಸಂದನ್ನು ನೋಡಿಕೊಂಡು ಒಳಗೆ ಬರುವಂತೆ ಹೇಳಿದರೆ ಅವರ ನಿದ್ದೆಯೂ ಉಳಿಯುತ್ತದೆ, ನಮ್ಮ ಬಟ್ಟೆಯೂ ಉಳಿಯುತ್ತದೆ. ಕಲೆ ಆದರೆ ತಣ್ಣೀರಿನಲ್ಲಿ ನೆನೆಸಿ. ಬಿಸಿನೀರು ತಾಗಿದರೆ ರಕ್ತದ ಕಲೆ ನೂಲಿಗೆ ಕಚ್ಚಿಕೊಳ್ಳುತ್ತದೆ, ಮತ್ತೆ ಹೋಗುವುದಿಲ್ಲ.

ಇನ್ನು ಬಿಸಿನೀರು. "ಬಿಸಿನೀರು ಇದೆಯಾ?" ಎಂದು ಕೇಳಿದರೆ "ಇದೆ" ಎನ್ನುವುದು ಸುಲಭ. ಕೇಳಿದವರ ಮನಸ್ಸಿನಲ್ಲಿರುವುದು ಹೋಟೆಲಿನ ಶವರ್, ಹೇಳಿದವರ ಮನಸ್ಸಿನಲ್ಲಿರುವುದು ಹದಿನೈದು ಲೀಟರಿನ ಗೀಸರ್. ಒಂದು ಶನಿವಾರದ ಲೆಕ್ಕವನ್ನೇ ನೋಡೋಣ.

ಏಳು ಜನ ಬಂದಿದ್ದಾರೆ. ಒಂದು ಕೋಣೆಯಲ್ಲಿ ನಾಲ್ವರು ಸ್ನೇಹಿತರು, ಇನ್ನೊಂದರಲ್ಲಿ ಗಂಡ, ಹೆಂಡತಿ, ಮಗು. ಸಂಜೆ ಆರಕ್ಕೆ ಎಲ್ಲರೂ ತೊಯ್ದು ಮರಳುತ್ತಾರೆ, ಎಲ್ಲರಿಗೂ ಆಗಲೇ ಸ್ನಾನ ಬೇಕು. ತೊಟ್ಟಿಯ ನೀರು ಹದಿನೆಂಟು ಡಿಗ್ರಿ ಇರುತ್ತದೆ. ಮೈಗೆ ಹಿತವಾದದ್ದು ನಲವತ್ತು. ಗೀಸರ್ ಅರವತ್ತು ಡಿಗ್ರಿಗೆ ಕಾಯಿಸಿದ ಹದಿನೈದು ಲೀಟರಿಗೆ ತಣ್ಣೀರು ಬೆರೆಸಿದರೆ ಸುಮಾರು ಇಪ್ಪತ್ತೆಂಟು ಲೀಟರ್ ಹದವಾದ ನೀರು ಸಿಗುತ್ತದೆ. ಅಂದರೆ ಬಕೆಟ್ ಸ್ನಾನಕ್ಕೆ ಒಬ್ಬರಿಗೆ ಸರಿಹೋಗುವಷ್ಟು. ಮತ್ತೆ ಹದಿನೈದು ಲೀಟರ್ ಕಾಯಲು ಎರಡು ಕಿಲೋವಾಟ್‌ನ ಗೀಸರಿಗೆ ಇಪ್ಪತ್ತೆರಡು ನಿಮಿಷ ಬೇಕು. ನಾಲ್ವರು ಒಬ್ಬರ ಹಿಂದೆ ಒಬ್ಬರು ಕಾದು ಸ್ನಾನ ಮಾಡಿದರೆ ನಾಲ್ಕನೆಯವರ ಸರದಿ ಬರುವಾಗ ಏಳು ಕಾಲು. ಆದರೆ ಯಾರೂ ಕಾಯುವುದಿಲ್ಲ. ಮೊದಲನೆಯವರು ಶವರ್ ತೆರೆಯುತ್ತಾರೆ, ನಿಮಿಷಕ್ಕೆ ಎಂಟು ಲೀಟರ್ ಸುರಿಯುವ ಶವರಿನಲ್ಲಿ ಮೂರೂವರೆ ನಿಮಿಷಕ್ಕೆ ನೀರು ತಣ್ಣಗಾಗುತ್ತದೆ. ತಲೆಗೆ ಶಾಂಪೂ ಹಚ್ಚಿಕೊಂಡಿರುವಾಗಲೇ. "ನಿಮ್ಮ ಗೀಸರ್ ಕೆಟ್ಟಿದೆ" ಎಂದು ಫೋನ್ ಬರುತ್ತದೆ. ಗೀಸರ್ ಸರಿಯಾಗಿಯೇ ಇದೆ, ಲೆಕ್ಕ ತಪ್ಪಿದೆ. ಅಷ್ಟರಲ್ಲಿ ಎಲ್ಲೋ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟೂ ಹೋದರೆ ಆ ಸಂಜೆ ಮುಗಿದಂತೆಯೇ. ಮನೆಯ ಇನ್ವರ್ಟರ್ ದೀಪಗಳನ್ನೂ ವೈಫೈಯನ್ನೂ ರಾತ್ರಿಯಿಡೀ ನಡೆಸೀತು, ಗೀಸರನ್ನು ನಡೆಸುವುದಿಲ್ಲ. ಮೋಡ ಕವಿದ ವಾರಗಳಲ್ಲಿ ಮಾಡಿನ ಮೇಲಿನ ಸೋಲಾರ್ ಕೂಡ ಕೈಕೊಡುತ್ತದೆ.

ಆದ್ದರಿಂದ ಗೀಸರ್ ಇದ್ದರೂ ನಾನು ನಂಬುವುದು ನೂರು ಲೀಟರಿನ ಸೌದೆ ಬಾಯ್ಲರನ್ನು. ನೂರು ಲೀಟರ್ ನೀರು ಅರವತ್ತು ಡಿಗ್ರಿಗೆ ಬಂದರೆ ತಣ್ಣೀರು ಬೆರೆಸಿ ನೂರ ತೊಂಬತ್ತು ಲೀಟರ್ ಆಗುತ್ತದೆ. ಏಳು ಜನರಲ್ಲಿ ಮಗುವಿಗೆ ಅರ್ಧ ಪಾಲು ಹಿಡಿದರೆ ಎಲ್ಲರಿಗೂ ಹೆಚ್ಚು ಕಡಿಮೆ ಸಾಕಾಗುತ್ತದೆ. ನಾಲ್ಕೂವರೆಗೆ ಬೆಂಕಿ ಹಾಕಿದರೆ ಆರಕ್ಕೆ ನೀರು ಸಿದ್ಧ. ಒಣ ಸೌದೆಯಾದರೆ ನಾಲ್ಕೈದು ಕಿಲೋ ಸಾಕು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಮೊದಲು ಆ ನೀರು ಆವಿಯಾಗಬೇಕು, ಆಮೇಲೆ ನಮ್ಮ ನೀರು ಕಾಯಬೇಕು. ಹೊಗೆ ಮನೆಯಿಡೀ ತುಂಬುತ್ತದೆ, ಬಾಯ್ಲರಿನ ನೀರು ಮಾತ್ರ ಉಗುರುಬೆಚ್ಚಗೇ ಉಳಿಯುತ್ತದೆ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಉರಿಸಿದರೆ ದಿನಕ್ಕೆ ಹತ್ತು ಕಿಲೋ. ಮಳೆಗಾಲದಲ್ಲಿ ನಲವತ್ತು ದಿನ ಅತಿಥಿಗಳಿದ್ದರೆ ನಾಲ್ಕು ಕ್ವಿಂಟಲ್. ಕಾಫಿ ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಕಡಿದ ಕೊಂಬೆಗಳನ್ನು ಮಾರ್ಚ್‌ನೊಳಗೆ ಸೀಳಿ, ಏಪ್ರಿಲ್ ಬಿಸಿಲಿಗೆ ಒಣಗಿಸಿ, ಮೇ ಮುಗಿಯುವ ಮೊದಲು ಮಾಡಿನ ಕೆಳಗೆ ನೆಲದಿಂದ ಮೇಲೆ ಪೇರಿಸಿಟ್ಟಿರಬೇಕು. ಜುಲೈನಲ್ಲಿ ದುಡ್ಡು ಕೊಟ್ಟರೂ ಒಣ ಸೌದೆ ಸಿಗುವುದು ಕಷ್ಟ.

ಸೌದೆಯ ರಗಳೆ ಬೇಡವೆಂದು ಕೆಲವರು ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಳಿಗೆ ಕಿಟಕಿ ಮುಚ್ಚಿದ ಸಣ್ಣ ಸ್ನಾನದ ಮನೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಇಂಗಾಲದ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿದ್ದವರಿಗೆ ತಲೆ ತಿರುಗಿದ್ದು ತಿಳಿಯುವಷ್ಟರಲ್ಲಿ ಬಾಗಿಲು ತೆರೆಯುವ ಶಕ್ತಿಯೂ ಇರುವುದಿಲ್ಲ. ಗ್ಯಾಸ್ ಗೀಸರ್ ಬೇಕೇ ಬೇಕೆಂದರೆ ಅದು ಹೊರಗೋಡೆಯ ಮೇಲೆ, ತೆರೆದ ಗಾಳಿಯಲ್ಲಿರಲಿ, ಕೊಳವೆಯಲ್ಲಿ ನೀರಷ್ಟೇ ಒಳಗೆ ಬರಲಿ. ರಾತ್ರಿ ಮೈ ಕಾಯಿಸಲು ಕೋಣೆಗೆ ಕೆಂಡದ ತಟ್ಟೆ ಕೇಳುವ ಅತಿಥಿಗಳೂ ಇದ್ದಾರೆ. ಇದೇ ಕಾರಣಕ್ಕೆ ನಾನು ಕೊಡುವುದಿಲ್ಲ. ಬಿಸಿನೀರು ತುಂಬಿದ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಕಾಲದಿಕ್ಕಿಗೆ ಇಡುತ್ತೇನೆ. ಹಾಸಿಗೆಯೂ ಬೆಚ್ಚಗಾಗುತ್ತದೆ, ತೇವವೂ ಇಳಿಯುತ್ತದೆ.

ಇಷ್ಟೆಲ್ಲ ಸಿದ್ಧತೆ ಇದ್ದರೂ ದೂರು ಬರುವುದು ಹೇಳಿದ್ದಕ್ಕೂ ಕಂಡದ್ದಕ್ಕೂ ಅಂತರ ಇದ್ದಾಗ. ಹಾಗಾಗಿ ಮುಂಗಡ ತೆಗೆದುಕೊಳ್ಳುವ ಮೊದಲು ಮೊಬೈಲಿಗೆ ಒಂದು ಸಂದೇಶ ಕಳಿಸುತ್ತೇನೆ, ಅಲಂಕಾರವಿಲ್ಲದೆ ಹೀಗೆ: "ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು. ಮಳೆಗೆ ಕರೆಂಟ್ ಗಂಟೆಗಟ್ಟಲೆ ಹೋಗಬಹುದು, ದೀಪಕ್ಕೆ ಇನ್ವರ್ಟರ್ ಇದೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ದುರ್ಬಲ. ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ದಾರಿ, ತಗ್ಗಿನ ಕಾರು ರಸ್ತೆಯ ಬಳಿಯೇ ನಿಲ್ಲಬೇಕು, ನಮ್ಮ ಜೀಪು ಬರುತ್ತದೆ. ದಪ್ಪ ಜೀನ್ಸ್ ಬೇಡ, ಬೇಗ ಒಣಗುವ ಬಟ್ಟೆ ತನ್ನಿ." ಇದನ್ನು ಓದಿ ಹಿಂದೆ ಸರಿಯುವವರು ಇದ್ದಾರೆ. ಅವರು ಬಂದಿದ್ದರೆ ಇಬ್ಬರಿಗೂ ಬೇಸರವಾಗುತ್ತಿತ್ತು. ಓದಿಯೂ ಬರುವವರು ಕರೆಂಟ್ ಹೋದಾಗ "ಹೇಳಿದ್ದಿರಿ" ಎಂದು ಸುಮ್ಮನಾಗುತ್ತಾರೆ.

ಹಣ ಮರಳಿಸುವ ಮಾತನ್ನೂ ಅಲ್ಲೇ ಬರೆಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಮಂಗಳೂರು ರಸ್ತೆ ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಭಾರಿ ಮಳೆಯ ಎಚ್ಚರಿಕೆ ಬಂದಾಗ ಜಿಲ್ಲಾಡಳಿತ ಪ್ರವಾಸಿಗರನ್ನು ತಡೆಯಬಹುದು, ತಾಣಗಳನ್ನು ಮುಚ್ಚಬಹುದು. ಆಡಳಿತದ ಆದೇಶದಿಂದ ಅಥವಾ ರಸ್ತೆ ಕುಸಿತದಿಂದ ಬರಲಾಗದಿದ್ದರೆ ನಾನು ಪೂರ್ತಿ ಮುಂಗಡ ಮರಳಿಸುತ್ತೇನೆ. "ಮಳೆ ಜಾಸ್ತಿ, ಮನಸ್ಸಿಲ್ಲ" ಎಂದರೆ ದಿನಾಂಕ ಬದಲಿಸಿ ಕೊಡುತ್ತೇನೆ, ಹಣವನ್ನಲ್ಲ. ಈ ಎರಡರ ನಡುವಿನ ಗೆರೆಯನ್ನು ಮೊದಲೇ ಎಳೆಯದೆ ಜಗಳ ಮಾಡಿಕೊಂಡ ನೆರೆಹೊರೆಯವರು ಹಲವರು.

ಕಾಗದದ ಕೆಲಸ ಬೇಗ ಹೇಳಿ ಮುಗಿಸಬಹುದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಇರಬೇಕು, ಮನೆಯವರು ಅಲ್ಲೇ ವಾಸವಿರಬೇಕು, ಬಂದವರ ಗುರುತಿನ ಚೀಟಿ ನೋಡಿ ವಹಿಯಲ್ಲಿ ಬರೆದಿಡಬೇಕು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು.

ಊಟದ ವಿಷಯದಲ್ಲಿ ಅತಿಥಿಗಳು ಬಯಸುವುದು ಹೆಚ್ಚಲ್ಲ. ಮನೆಯಲ್ಲಿ ಮಾಡುವ ಅಕ್ಕಿ ರೊಟ್ಟಿ, ಕಡಂಬಿಟ್ಟು, ಹೇಳಿದ ಹೊತ್ತಿಗೆ ಬಿಸಿಯಾಗಿ ಬಂದರೆ ಸಾಕು. ಪಂದಿ ಕರಿ ಬೇಕೇ ಎಂದು ಹಿಂದಿನ ದಿನವೇ ಕೇಳುತ್ತೇನೆ, ತಿನ್ನದವರಿದ್ದರೆ ಸೌಟು, ಪಾತ್ರೆ ಬೇರೆಯೇ ಇಡುತ್ತೇನೆ. ಆಗಸ್ಟ್ ಮೊದಲ ವಾರದಲ್ಲಿ ಬರುವ, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದು ಸೊಪ್ಪಿನ ರಸದಲ್ಲಿ ಬೇಯಿಸಿದ ಕಡುನೇರಳೆ ಬಣ್ಣದ ಪಾಯಸವನ್ನು ಅತಿಥಿಗಳಿಗೂ ಬಡಿಸುತ್ತೇವೆ. ಅದನ್ನು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಹೇಳದೆ ಬಡಿಸಿದ ಒಂದು ವರ್ಷ, ಬೆಳಗಿನ ಜಾವ ಐದಕ್ಕೆ ಅತಿಥಿಯೊಬ್ಬರು ಬಾಗಿಲು ಬಡಿದು, ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ನಡುಗುವ ದನಿಯಲ್ಲಿ ಕೇಳಿದರು. ಕೂರಿಸಿ, ಕಾಫಿ ಕೊಟ್ಟು, ಅಡುಗೆಮನೆಯಲ್ಲಿ ಉಳಿದಿದ್ದ ಸೊಪ್ಪನ್ನು ತೋರಿಸಿದೆ. ಈಗ ತಟ್ಟೆ ಇಡುವ ಮೊದಲೇ ಹೇಳುತ್ತೇನೆ.